‘ನಿದ್ರಾ ನಿರ್ಬಂಧ’ ಎಂಬ ಪದ ಸರಿಯೇ?

ತುಮಕೂರಿನಿಂದ, ಪ್ರಶ್ನೆ

ಮಾನ್ಯರೇ,

ನಿದ್ರಾಹೀನತೆಗೆ ಮಾತ್ರೆಯಿಲ್ಲದೆ ಕೊಡುವ ಅರಿವು–ವರ್ತನಾ ಚಿಕಿತ್ಸೆಯ ಬಗ್ಗೆ ನಮ್ಮ ಊರಿನ ರೋಗಿಗಳಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ಸ್ಲೀಪ್ ರಿಸ್ಟ್ರಿಕ್ಷನ್’ ಎಂಬುದನ್ನು ‘ನಿದ್ರಾ ನಿರ್ಬಂಧ’ ಎಂದು ಕನ್ನಡಿಸಿದ್ದೆ. ಕರಡನ್ನು ಓದಿದ ನಿವೃತ್ತ ಮೇಷ್ಟ್ರೊಬ್ಬರು, “ನಿದ್ದೆ ಬಾರದೆಂದು ಬಂದವನಿಗೆ ಇರುವ ನಿದ್ದೆಯನ್ನೂ ಕಡಿಮೆ ಮಾಡು ಅನ್ನುತ್ತೀರಲ್ಲ” ಎಂದು ನೊಂದುಕೊಂಡು ಹಾಳೆಯನ್ನು ಮರಳಿಸಿದರು. ಪದವನ್ನು ಓದಿದರೆ ಯಾರಿಗಾದರೂ ತೋಚುವ ಅರ್ಥ ಅದೇ.

ಇನ್ನೊಂದು ತೊಡಕು ‘ಮಲಗು’ ಎಂಬ ಕ್ರಿಯಾಪದದ್ದು. “ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ?” ಎಂದು ಕೇಳಿದಾಗ ಆ ಮೇಷ್ಟ್ರು “ಒಂಬತ್ತು ಗಂಟೆ” ಎಂದರು. ರಾತ್ರಿ 9ಕ್ಕೆ ಹಾಸಿಗೆ ಸೇರಿ ಬೆಳಿಗ್ಗೆ 6ಕ್ಕೆ ಏಳುವುದರಿಂದ ಆ ಲೆಕ್ಕ ಸರಿಯೇ. ಆದರೆ ಎರಡು ವಾರ ನಿದ್ದೆಯ ದಿನಚರಿ ಬರೆಸಿ ನೋಡಿದರೆ, ಕಣ್ಣು ಹತ್ತಿದ ಹೊತ್ತು ಸರಾಸರಿ ಐದೂವರೆ ಗಂಟೆ ಮಾತ್ರ. ಹೊರಳಾಡಿದ ಹೊತ್ತನ್ನೂ ನಿದ್ರಿಸಿದ ಹೊತ್ತನ್ನೂ ನಮ್ಮ ‘ಮಲಗು’ ಒಂದಾಗಿಸಿಬಿಡುತ್ತದೆ. ಈ ಚಿಕಿತ್ಸೆ ನಿಂತಿರುವುದಾದರೋ ಅವೆರಡರ ನಡುವಿನ ಅಂತರದ ಮೇಲೆ. ತಕ್ಕ ಪದಗಳನ್ನು ಸೂಚಿಸಬೇಕೆಂದು ಕೋರುತ್ತೇನೆ.

ತಿಪಟೂರಿನಿಂದ

ನನಗೂ ಮೂರು ವರ್ಷದಿಂದ ನಿದ್ದೆ ಸರಿಯಿಲ್ಲ. ಕೊಬ್ಬರಿ ಚೀಲ ತುಂಬಿಕೊಂಡು ನಸುಕಿನಲ್ಲೇ ಗಾಡಿ ಓಡಿಸುವವನು ನಾನು. ಈ ಕೈಪಿಡಿ ಸಿಕ್ಕರೆ ನಾನೇ ಮನೆಯಲ್ಲಿ ಮಾಡಿಕೊಳ್ಳಬಹುದೇ? ಪದ ಯಾವುದಾದರೂ ನನಗೆ ಅಡ್ಡಿಯಿಲ್ಲ.

ಮಧುಗಿರಿಯಿಂದ

‘ನಿರ್ಬಂಧ’ ಕಠಿಣವಾಯಿತೆಂಬುದನ್ನು ಒಪ್ಪುತ್ತೇನೆ. ‘ಮಿತ ನಿದ್ರೆ’ ಎನ್ನಬಹುದು. ಇದರ ಜೊತೆಗೇ ಬರುವ ‘ಸ್ಟಿಮ್ಯುಲಸ್ ಕಂಟ್ರೋಲ್’ಗೆ ‘ಪ್ರಚೋದನಾ ನಿಯಂತ್ರಣ’ ಎಂಬುದು ಚೆನ್ನಾಗಿಯೇ ಇದೆ. ಸಂಜೆಯ ಕಾಫಿ, ಮೊಬೈಲು, ಟಿವಿ ಮುಂತಾದ ಮನಸ್ಸನ್ನು ಕೆರಳಿಸುವ ವಸ್ತುಗಳನ್ನು ನಿಯಂತ್ರಿಸುವುದು ತಾನೇ ಅದರ ಅರ್ಥ?

ಶಿರಾದಿಂದ

ಈ ಚಿಕಿತ್ಸೆಯನ್ನು ಹಲವು ವರ್ಷ ಕೊಟ್ಟಿರುವವಳಾಗಿ ಬರೆಯುತ್ತಿದ್ದೇನೆ. ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಇಟ್ಟ ಹೆಸರೇ ದಾರಿ ತಪ್ಪಿಸುವಂಥದ್ದು. ಮಿತಿ ಹಾಕುವುದು ಹಾಸಿಗೆಯಲ್ಲಿ ಕಳೆಯುವ ಹೊತ್ತಿಗೆ. ಆದ್ದರಿಂದ ‘ಮಿತ ನಿದ್ರೆ’ಯೂ ಅದೇ ಹಳ್ಳಕ್ಕೆ ಬೀಳುತ್ತದೆ. ಮೇಷ್ಟ್ರ ಲೆಕ್ಕವನ್ನೇ ನೋಡಿ: ಒಂಬತ್ತು ಗಂಟೆಯಲ್ಲಿ ಐದೂವರೆ ಗಂಟೆ ನಿದ್ದೆಯೆಂದರೆ ಶೇ. 61. ಅವರು ಬೆಳಿಗ್ಗೆ 5.30ಕ್ಕೆ ಏಳುವುದನ್ನು ಗಟ್ಟಿ ಮಾಡಿ, ರಾತ್ರಿ 12ಕ್ಕೆ ಮುಂಚೆ ಹಾಸಿಗೆಗೆ ಹೋಗದಂತೆ ಹೇಳಬೇಕು. ಮೊದಲ ವಾರ ನಿದ್ದೆ ಐದು ಗಂಟೆಗೆ ಇಳಿದರೂ ಅದು ಐದೂವರೆಯಲ್ಲಿ ಐದು, ಅಂದರೆ ಶೇ. 90ಕ್ಕಿಂತ ಹೆಚ್ಚು; ಆಗ ಹಾಸಿಗೆ ಸೇರುವ ವೇಳೆಯನ್ನು 11.45ಕ್ಕೆ ತರುತ್ತೇವೆ. ಹೀಗೆ ಹದಿನೈದು ಹದಿನೈದು ನಿಮಿಷ ಮರಳಿ ಕೊಡುತ್ತಾ ಹೋಗುವುದರಿಂದ ‘ನಿರ್ಬಂಧ’ವೆಂಬ ಸ್ಥಾಯಿಯಾದ ಪದ ಇಲ್ಲಿ ಕೂಡುವುದಿಲ್ಲ. ‘ಹಾಸಿಗೆ ವೇಳೆಯ ಮಿತಿ’ ಎಂದು ನಾನು ಬಳಸುತ್ತೇನೆ.

ನಿದ್ದೆ ಎಷ್ಟೇ ಕಡಿಮೆಯಿದ್ದರೂ ಈ ಅವಧಿಯನ್ನು ಸಾಮಾನ್ಯವಾಗಿ ಐದು ಗಂಟೆಗಿಂತ ಕೆಳಗಿಳಿಸುವುದಿಲ್ಲ. ತಿಪಟೂರಿನವರೇ, ದಯವಿಟ್ಟು ನೀವಾಗಿಯೇ ಆರಂಭಿಸಬೇಡಿ. ಮೊದಲ ವಾರಗಳಲ್ಲಿ ಹಗಲಿನ ತೂಕಡಿಕೆ ಹೆಚ್ಚುತ್ತದೆ. ಗಾಡಿ ಓಡಿಸುವವರಿಗೆ, ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರಿಗೆ ಅದು ಅಪಾಯ. ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆಯಿದೆಯೇ ಎಂಬುದನ್ನೂ ವೈದ್ಯರು ಮೊದಲು ನೋಡಬೇಕು.

ಮಧುಗಿರಿಯವರು ಹೇಳಿದ ಕಾಫಿ, ಮೊಬೈಲುಗಳ ಮಾತು ಉಪಯುಕ್ತವೇ, ಆದರೆ ಅದು ಬೇರೆ ಅಧ್ಯಾಯ. ‘ಸ್ಟಿಮ್ಯುಲಸ್ ಕಂಟ್ರೋಲ್’ ಎಂದು ಮನಶ್ಶಾಸ್ತ್ರಜ್ಞ ಬೂಟ್ಜಿನ್ 1972ರಲ್ಲಿ ಹೇಳಿದ್ದು, ಹಾಸಿಗೆಯೆಂಬ ಗುರುತೇ ನಿದ್ದೆಯನ್ನು ಕರೆಯುವಂತೆ ಮತ್ತೆ ಅಭ್ಯಾಸ ಮಾಡಿಸುವುದನ್ನು. ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಚಿಂತಿಸುತ್ತಾ ಹೊರಳಿದವನಿಗೆ ದಿಂಬು ತಲೆಗೆ ತಾಗಿದೊಡನೆ ಎಚ್ಚರ ಬರುತ್ತದೆ. ಅವನೇ ನಡುಮನೆಯ ಕುರ್ಚಿಯಲ್ಲಿ ಸುಲಭವಾಗಿ ತೂಕಡಿಸುತ್ತಾನೆ. ಅದಕ್ಕಾಗಿಯೇ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ, ಗಡಿಯಾರ ನೋಡದೆ ಅಂದಾಜಿನಲ್ಲೇ ಎದ್ದು ಬೇರೆ ಕೋಣೆಗೆ ಹೋಗಿ, ತೂಕಡಿಕೆ ಬಂದ ಮೇಲೆ ಮರಳಬೇಕೆನ್ನುವುದು. ಒಂದೇ ಕೋಣೆಯ ಮನೆಯಾದರೆ ಹಾಸಿಗೆ ಬಿಟ್ಟು ಚಾಪೆಯ ಮೇಲೆ ಕೂತರೂ ಆದೀತು. ಇಲ್ಲಿ ಹಾಸಿಗೆಯೆಂಬ ಪ್ರಚೋದನೆಯೇ ನಿದ್ದೆಯನ್ನು ನಿಯಂತ್ರಿಸುವುದು; ‘ಪ್ರಚೋದನಾ ನಿಯಂತ್ರಣ’ವೆಂದಾಗ ನಾವು ಪ್ರಚೋದನೆಯನ್ನು ನಿಯಂತ್ರಿಸುತ್ತೇವೆಂಬ ತಿರುಗುಮುರುಗಿನ ಅರ್ಥ ಬರುತ್ತದೆ.

ಮಧುಗಿರಿಯಿಂದ, ಮತ್ತೆ

ತಿದ್ದಿದ್ದಕ್ಕೆ ಕೃತಜ್ಞ. ಆದರೂ ವೈದ್ಯರಿಗೆ ಪರಿಚಿತವಾದ ‘ಪ್ರಚೋದನೆ’ಯನ್ನು ಪೂರ್ತಿ ಕೈಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ; ಪಾರಿಭಾಷಿಕ ಪದವೊಂದು ಬೇಕೇ ಬೇಕು.

ತುಮಕೂರಿನಿಂದ, ಪ್ರಶ್ನಿಸಿದವರು

‘ಹಾಸಿಗೆ ವೇಳೆಯ ಮಿತಿ’ಯನ್ನು ಸ್ವೀಕರಿಸುತ್ತೇನೆ. ದಿನಚರಿಯಲ್ಲಿ ‘ಮಲಗಿದ ವೇಳೆ’ ಎಂಬ ಅಂಕಣವನ್ನು ತೆಗೆದು, ‘ಹಾಸಿಗೆ ಸೇರಿದ್ದು’, ‘ಕಣ್ಣು ಹತ್ತಿದ್ದು’ ಎಂದು ಎರಡಾಗಿ ಒಡೆಯುತ್ತೇನೆ. ಎರಡನೆಯ ವಿಧಾನಕ್ಕೆ ‘ಹಾಸಿಗೆ–ನಿದ್ದೆ ನಂಟು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಮಧುಗಿರಿಯವರ ಆಕ್ಷೇಪ ಹಾಗೆಯೇ ಉಳಿದಿದೆ. ‘ದಣಿವಾದಾಗ ಮಲಗಿ’ ಎಂದು ಕರಡಿನಲ್ಲಿದ್ದದ್ದನ್ನೂ ತಿದ್ದಬೇಕು, ಏಕೆಂದರೆ ದಣಿದವನಿಗೆಲ್ಲ ನಿದ್ದೆ ಬಂದಿರುವುದಿಲ್ಲ. ಅಲ್ಲಿ ‘ತೂಕಡಿಕೆ’ ಇಡಲೇ, ‘ಮಂಪರು’ ಇಡಲೇ, ‘ಜೊಂಪು’ ಇಡಲೇ? ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ತಮ್ಮ ಮನೆಗಳಲ್ಲಿ ಏನೆನ್ನುತ್ತಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.