ಅರವತ್ತು ತುಂಬಿದ ದಿನವೇ ಬಸ್ ರಿಯಾಯಿತಿ ಇಲ್ಲ ಅಂದರೆ ಹೇಗೆ? ಡಿಪೋಗೆ ಒಟ್ಟಾಗಿ ಪತ್ರ ಕೊಡೋಣ

ಮನೆ 12 (ಸಂಘದ ಕಾರ್ಯದರ್ಶಿ): ಎಲ್ಲರಿಗೂ ನಮಸ್ಕಾರ. ಮನೆ 31ರ ಅಂಕಲ್ ಹುಟ್ಟಿದ್ದು 12-09-1965. ಅವರು 12-09-2025ರಂದು ಬಸ್ ಹತ್ತಿ, ಆಧಾರ್ ತೋರಿಸಿ ಹಿರಿಯ ನಾಗರಿಕರ ಟಿಕೆಟ್ ಕೇಳಿದರು. ಕಂಡಕ್ಟರ್ ಕಾರ್ಡ್ ನೋಡಿ, "ಅರವತ್ತು ದಾಟಿರಬೇಕು ಸರ್, ನಿಮಗೆ ನಾಳೆಯಿಂದ" ಎಂದು ಪೂರ್ತಿ ದರದ ಟಿಕೆಟ್ ಕೊಟ್ಟರು. ಹಿಂದೆ ಕ್ಯೂ ಇತ್ತು, ಅಂಕಲ್ ಜಗಳ ಮಾಡಲಿಲ್ಲ. ನಮ್ಮ ಬಡಾವಣೆಯಲ್ಲಿ ಈ ವರ್ಷ, ಮುಂದಿನ ವರ್ಷ ಅರವತ್ತು ತುಂಬುವವರು ತುಂಬಾ ಜನ ಇದ್ದಾರೆ. ಒಬ್ಬೊಬ್ಬರೇ ಬಾಗಿಲಲ್ಲಿ ನಿಂತು ವಾದ ಮಾಡುವ ಬದಲು ಡಿಪೋ ಮ್ಯಾನೇಜರ್‌ಗೆ ಒಂದೇ ಪತ್ರ ಕೊಡೋಣ. ಅದರಲ್ಲಿ ಏನು ಕೇಳಬೇಕು, ಹೇಳಿ.

ಮನೆ 5: ಕಂಡಕ್ಟರ್ ಹೇಳಿದ್ದು ಪೂರ್ತಿ ತಪ್ಪು. ನಾನು ಸರ್ಕಾರಿ ನೌಕರಿಯಲ್ಲಿದ್ದವನು. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ ಆಗ್ತಾರೆ. ಯಾಕೆ? ಹುಟ್ಟುಹಬ್ಬದ ಹಿಂದಿನ ದಿನಕ್ಕೇ ವಯಸ್ಸು ತುಂಬಿತು ಅಂತ ಲೆಕ್ಕ. ಹಾಗಾಗಿ ಅಂಕಲ್ 11ನೇ ತಾರೀಕೇ ಅರ್ಹರು. ಪತ್ರದಲ್ಲಿ ಅದನ್ನೇ ಬರೆಯಿರಿ.

ಮನೆ 22: ಬಸ್ಸಿನಲ್ಲಿ ಹೆಂಗಸರಿಗೆ ಹೇಗೂ ಫ್ರೀ ಅಲ್ವಾ? ನನಗೆ ಬೇಕಿರುವುದು ರೈಲಿನದು. ಹೆಂಗಸರಿಗೆ 58 ಅಂತ ಇತ್ತಲ್ಲ, ನನಗೆ ಡಿಸೆಂಬರಿನಲ್ಲಿ 58 ಆಗುತ್ತೆ. ಯಾವ ಕಾಗದ ಕೊಡಬೇಕು?

ಮನೆ 18 (ವಕೀಲರು): ಮೇಡಂ, ರೈಲಿನ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಕೆಳಗಿನ ಬರ್ತ್ ಸಿಗುವ ಸೌಲಭ್ಯ ಮಾತ್ರ ಇದೆ. ಬಸ್ಸಿನ ವಿಷಯ ಬೇರೆ. ಇಲ್ಲಿ ಅರವತ್ತು ತುಂಬಿದ ರಾಜ್ಯದ ನಿವಾಸಿಗಳಿಗೆ ದರದಲ್ಲಿ ಶೇ 25 ರಿಯಾಯಿತಿ. ಶಕ್ತಿ ಯೋಜನೆ ಅನ್ವಯಿಸುವ ಬಸ್ಸುಗಳಲ್ಲಿ ಹೆಂಗಸರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಮನೆ 5ರ ಸರ್ ಹೇಳಿದ್ದು ಅರ್ಧ ಸರಿ. ಹುಟ್ಟಿದ ದಿನವನ್ನೂ ಒಂದು ಪೂರ್ತಿ ದಿನ ಅಂತ ಎಣಿಸಿದರೆ ವರ್ಷ ತುಂಬುವುದು ಹಿಂದಿನ ದಿನದ ಕೊನೆಗೆ. ಸುಪ್ರೀಂ ಕೋರ್ಟ್ 1986ರಲ್ಲಿ ಪ್ರಭು ದಯಾಳ್ ಸೆಸ್ಮಾ ಪ್ರಕರಣದಲ್ಲಿ ಹೀಗೇ ಎಣಿಸಿತು. 2-1-1956ರಂದು ಹುಟ್ಟಿದವರಿಗೆ 1-1-1984ಕ್ಕೇ 28 ತುಂಬಿತು ಎಂದಿತು. ಆದಾಯ ತೆರಿಗೆಯವರೂ 2016ರ ಸುತ್ತೋಲೆಯಲ್ಲಿ ಏಪ್ರಿಲ್ 1ರಂದು ಹುಟ್ಟಿದವರಿಗೆ ಮಾರ್ಚ್ 31ಕ್ಕೇ 60 ತುಂಬಿತು ಎಂದು ಒಪ್ಪಿದರು. ಆದರೆ ಇವೆಲ್ಲ ನೇಮಕಾತಿ, ತೆರಿಗೆ, ನಿವೃತ್ತಿಯ ಮಾತು. ಬಸ್ಸಿನಲ್ಲಿ ಹಿಂದಿನ ದಿನದ ರಿಯಾಯಿತಿ ಕೇಳಿದರೆ ವಾದ ಬೆಳೆಯುತ್ತದೆ, ಟಿಕೆಟ್ ಸಿಗುವುದಿಲ್ಲ. ನಮಗೆ ಬೇಕಾದ್ದು ಅದಕ್ಕಿಂತ ಸರಳ. ಯಾವ ಲೆಕ್ಕ ಹಿಡಿದರೂ ಹುಟ್ಟುಹಬ್ಬದ ದಿನ ಬೆಳಗ್ಗೆ ಮನುಷ್ಯನಿಗೆ ಅರವತ್ತು ತುಂಬಿರುತ್ತದೆ. ಹಿರಿಯರ ಪಾಲನೆಯ 2007ರ ಕಾನೂನೂ ಅರವತ್ತು ತುಂಬಿದವರು ಹಿರಿಯ ನಾಗರಿಕರು ಅನ್ನುತ್ತದೆ, ಅರವತ್ತೊಂದನೇ ವರ್ಷದಲ್ಲಿ ಇಷ್ಟು ದಿನ ಕಳೆಯಲಿ ಅನ್ನುವುದಿಲ್ಲ. ಪತ್ರದಲ್ಲಿ ಇದೊಂದನ್ನೇ ಗಟ್ಟಿಯಾಗಿ ಹಿಡಿಯೋಣ.

ಮನೆ 5: ಹಿಂದಿನ ದಿನವೂ ಸಿಗಬೇಕು ಅನ್ನುವುದೇ ನನ್ನ ಅಭಿಪ್ರಾಯ. ಆದರೆ ಪತ್ರಕ್ಕೆ ಸಹಿ ಹಾಕ್ತೀನಿ.

ಮನೆ 40: ನಮ್ಮ ಭಾವನಿಗೆ ಅರವತ್ತರ ಶಾಂತಿ ಮಾಡಿಸಿ ಎರಡು ವಾರ ಆಯ್ತು. ಪಂಚಾಂಗದ ಪ್ರಕಾರ ಅರವತ್ತು ತುಂಬಿದೆ. ಆದರೆ ಕಾರ್ಡಿನಲ್ಲಿರುವ ತಾರೀಕು ಇನ್ನೂ ಬಂದಿಲ್ಲ. ಅವರಿಗೂ ಸಿಗಬೇಕಲ್ವಾ?

ಮನೆ 18: ಇಲ್ಲ. ತಿಥಿ ನಮಗೆ, ತಾರೀಕು ಕಂಡಕ್ಟರ್‌ಗೆ. ಕಾರ್ಡಿನ ದಿನ ಬರುವವರೆಗೆ ಕಾಯಬೇಕು.

ಮನೆ 27: ನಮ್ಮ ತೊಂದರೆ ಇನ್ನೊಂದು ಥರ. ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 01-06-1965 ಇದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಆಧಾರ್‌ನಲ್ಲಿ 01-01-1966. ನೋಂದಣಿಗೆ ಹೋದಾಗ ಯಾವ ದಾಖಲೆಯೂ ಕೈಲಿರಲಿಲ್ಲ, ಅಂದಾಜಿನ ಮೇಲೆ ಜನವರಿ ಒಂದು ಕೂತಿದೆ. ಕಳೆದ ವಾರ ಆಧಾರ್ ತೋರಿಸಿದ್ದಕ್ಕೆ ರಿಯಾಯಿತಿ ಇಲ್ಲ ಅಂದರು. ಅಪ್ಪನಿಗೆ ಬೇಜಾರಾಯ್ತು.

ಮನೆ 18: ಈ ಸಲ ಕಂಡಕ್ಟರ್ ತಪ್ಪಲ್ಲ. ಅವರ ಕೈಗೆ ಬಂದ ಕಾರ್ಡಿನ ಪ್ರಕಾರ ನಿಮ್ಮ ತಂದೆಗೆ ಇನ್ನೂ 59. ಅಂಕಪಟ್ಟಿ ಪ್ರಕಾರ ಜೂನ್ 1ಕ್ಕೇ 60 ತುಂಬಿದೆ. ಏಳು ತಿಂಗಳ ವ್ಯತ್ಯಾಸ. ಅಂಕಪಟ್ಟಿ ಇಟ್ಟುಕೊಂಡು ಆಧಾರ್ ತಿದ್ದಿಸಬಹುದು. ಆದರೆ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಅದಕ್ಕೇ ಮೊದಲು ಪ್ಯಾನ್, ಪಾಸ್‌ಪೋರ್ಟ್, ಪಿಂಚಣಿ ಪುಸ್ತಕದಲ್ಲಿ ಏನಿದೆ ನೋಡಿ. ಬಸ್ಸಿನ ಕಾಲು ಭಾಗ ಉಳಿಸಲು ಹೋಗಿ ಪಿಂಚಣಿ ಸಿಕ್ಕಿಹಾಕಿಕೊಳ್ಳಬಾರದು.

ಮನೆ 9: ನನ್ನ ಆಧಾರ್‌ನಲ್ಲಿ ಬರೀ 1965 ಅಂತ ಇದೆ. ದಿನ, ತಿಂಗಳು ಇಲ್ಲ. 2025ರಲ್ಲಿ 1965 ಕಳೆದರೆ 60. ಸಾಕಲ್ವಾ?

ಮನೆ 18: ಬರೀ ವರ್ಷ ಕಳೆದರೆ ಸಾಲದು, ಸರ್. ಅಷ್ಟು ಮಾತ್ರ ಇದ್ದರೆ ನೀವು ಜನವರಿಯಲ್ಲಿ ಹುಟ್ಟಿರಬಹುದು, ಡಿಸೆಂಬರ್ 31ಕ್ಕೂ ಹುಟ್ಟಿರಬಹುದು. ಎಲ್ಲರೂ ಒಪ್ಪಲೇಬೇಕಾದ ದಿನ 31-12-2025. ಅದಕ್ಕಿಂತ ಮೊದಲು ಬೇಕೆಂದರೆ ಪೂರ್ತಿ ತಾರೀಕಿರುವ ವೋಟರ್ ಐಡಿ ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಿ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಹಿರಿಯ ನಾಗರಿಕರ ಗುರುತಿನ ಚೀಟಿ ಮಾಡಿಸಿಕೊಂಡರೆ ಇನ್ನೂ ಒಳ್ಳೇದು. ಅದಿದ್ದರೆ ಬಸ್ಸಿನಲ್ಲಿ ಬೆರಳು ಮಡಚಿ ಎಣಿಸುವ ಕೆಲಸವೇ ಇಲ್ಲ.

ಮನೆ 33: ಫೆಬ್ರವರಿ 29ಕ್ಕೆ ಹುಟ್ಟಿದವರ ಗತಿ? ನಮ್ಮ ಅಣ್ಣ 1968ರವರು.

ಮನೆ 18: ಅರವತ್ತಕ್ಕೆ ಅವರಿಗೆ ಚಿಂತೆಯೇ ಇಲ್ಲ. ಅರವತ್ತು ನಾಲ್ಕರಿಂದ ಭಾಗವಾಗುತ್ತದೆ, 2028ರಲ್ಲಿ ಫೆಬ್ರವರಿ 29 ಇದ್ದೇ ಇದೆ. ತೊಂದರೆ ಬರುವುದು 65, 70 ಅಂತ ಗಡಿ ಇಟ್ಟ ಕಡೆ.

ಮನೆ 31: ನನ್ನ ವಿಷಯಕ್ಕೆ ಇಷ್ಟು ಜನ ಕೂತದ್ದಕ್ಕೆ ಧನ್ಯವಾದ. ಆಧಾರ್ ಮೂಲ ಕಾರ್ಡೇ ತೋರಿಸಿದ್ದೆ, ಜೆರಾಕ್ಸ್ ಅಲ್ಲ. ಟಿಕೆಟ್ ಜೋಪಾನವಾಗಿ ಇಟ್ಟಿದ್ದೇನೆ. ಬಸ್ ನಂಬರ್, ಸಮಯ ಅದರಲ್ಲೇ ಇದೆ. ಕಂಡಕ್ಟರ್‌ಗೆ ಶಿಕ್ಷೆ ಆಗಲಿ ಅಂತ ನನಗಿಲ್ಲ. ಹುಡುಗನಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ ಅಷ್ಟೇ.

ಮನೆ 16: ಮುಂಗಡ ಬುಕಿಂಗ್ ಬಗ್ಗೆಯೂ ಕೇಳಿ. ಮಾವನಿಗೆ 20-11-2025ಕ್ಕೆ 60. ಅವತ್ತಿನ ಬಸ್ಸಿಗೆ ನಾನು ಈಗಲೇ ಸೀಟ್ ಮಾಡಿಸಬೇಕು. ಫಾರಂ ಕೇಳುವುದು ಬರೀ ವಯಸ್ಸು. ಇವತ್ತಿನ 59 ಹಾಕಲಾ, ಹೋಗುವ ದಿನದ 60 ಹಾಕಲಾ? ವಾಪಸ್ ಬೇರೆ ಸೀಟ್ ಬೇಕು, ಅದು 22ಕ್ಕೆ.

ಮನೆ 5: ಹೋಗುವ ದಿನದ್ದೇ ಹಾಕಬೇಕು. ಪ್ರಯಾಣ ಮಾಡುವುದು ಅವತ್ತಲ್ವಾ.

ಮನೆ 18: ನನಗೂ ಹಾಗೇ ಅನ್ನಿಸುತ್ತದೆ. ಕಾರ್ಡ್ ನೋಡುವುದು ಬಸ್ ಹತ್ತಿದಾಗ. ಆದರೆ ಇದನ್ನು ನಾವು ತೀರ್ಮಾನ ಮಾಡಿದರೆ ಆಗಲ್ಲ, ಅವರಿಂದ ಬರಹದಲ್ಲಿ ಬರಲಿ. 19ರ ರಾತ್ರಿ 10:30ಕ್ಕೆ ಹೊರಟು 20ರ ಬೆಳಗ್ಗೆ ತಲುಪುವ ಬಸ್ಸಿಗೆ ಏನು ಅನ್ನುವುದೂ ಇದರ ಜೊತೆಗೇ ಕೇಳಬೇಕು. ಹೊರಡುವ ದಿನ ಹಿಡಿದರೆ ಇಲ್ಲ, ಇಳಿಯುವ ದಿನ ಹಿಡಿದರೆ ಉಂಟು. ಹತ್ತುವ ದಿನವೇ ಲೆಕ್ಕ ಅಂತ ನನ್ನ ಊಹೆ.

ಮನೆ 16: ಊಹೆ ಸಾಕಾಗಲ್ಲ ಮೇಡಂ, ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ಮಾವ ಒಬ್ಬರೇ ಇರ್ತಾರೆ. ಉತ್ತರ ಬರುವವರೆಗೆ ನಾನು ಪೂರ್ತಿ ದರಕ್ಕೇ ಮಾಡಿಸ್ತೀನಿ.

ಮನೆ 12: ಸರಿ, ಪತ್ರ ಹೀಗಿರಲಿ: "60 ವರ್ಷ ತುಂಬುವ ಹುಟ್ಟುಹಬ್ಬದ ದಿನದಿಂದಲೇ ರಿಯಾಯಿತಿ ಕೊಡಬೇಕೆಂದು ಎಲ್ಲಾ ಕಂಡಕ್ಟರ್‌ಗಳಿಗೆ ತಿಳಿಸಿ, ಸೂಚನೆಯನ್ನು ಬಸ್ ನಿಲ್ದಾಣದಲ್ಲಿ ಹಾಕಬೇಕು. ಮುಂಗಡ ಟಿಕೆಟ್‌ಗೆ ಮತ್ತು ರಾತ್ರಿ ಬಸ್ಸಿಗೆ ಯಾವ ದಿನದ ವಯಸ್ಸು ಹಿಡಿಯುತ್ತೀರಿ ಎಂದು ಲಿಖಿತವಾಗಿ ತಿಳಿಸಬೇಕು." ಜೊತೆಗೆ ಅಂಕಲ್ ಟಿಕೆಟಿನ ಜೆರಾಕ್ಸ್. ಆಧಾರ್ ಪ್ರತಿ ಕೊಡುವುದಾದರೆ ಮೊದಲ ಎಂಟು ಅಂಕಿ ಮುಚ್ಚಿಯೇ ಕೊಡೋಣ. ಮನೆ 27, ನಿಮ್ಮದು ಕಾರ್ಡ್ ತಿದ್ದುವ ವಿಷಯ, ಇದರಲ್ಲಿ ಸೇರಿಸುವುದಿಲ್ಲ. ಭಾನುವಾರ ಹತ್ತಕ್ಕೆ ಪಾರ್ಕಿನಲ್ಲಿ ಸಹಿ. ಅರವತ್ತರ ಹತ್ತಿರ ಇರುವವರು ಆಧಾರ್, ಅಂಕಪಟ್ಟಿ, ವೋಟರ್ ಐಡಿ ಮೂರೂ ತನ್ನಿ, ತಾರೀಕು ಹೊಂದುತ್ತಾ ನೋಡೋಣ.

ಮನೆ 27: ಅಪ್ಪನ ಅಂಕಪಟ್ಟಿ ಊರಿನ ಮನೆ ಟ್ರಂಕಿನಲ್ಲಿದೆ. ಶನಿವಾರ ಹೋಗಿ ತರ್ತೀನಿ.