ಅಪ್‌ಡೇಟ್: ಪ್ರಾರ್ಥನೆ ಪ್ಯಾರಾ ತಿದ್ದಿದ್ದಾಯಿತು

ನನ್ನ ಪ್ರಶ್ನೆ: ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿಯಲ್ಲಿ ನಮಗೆ ಬೇಕಾದ ಆದೇಶವನ್ನು ಕೇಳುವ ಪ್ರಾರ್ಥನೆ ಪ್ಯಾರಾದಲ್ಲಿ ವ್ಯಾಕರಣವನ್ನೂ ಪಕ್ಷಕಾರರನ್ನು ಕರೆಯುವ ಪದಗಳನ್ನೂ ಹೇಗೆ ಸರಿಪಡಿಸಲಿ?

ಅಪ್‌ಡೇಟ್: ನೀವು ಹೇಳಿದಂತೆ ಅರ್ಜಿಯ ಮೊದಲ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಅಲ್ಲಿ ‘ಅರ್ಜಿದಾರರು’, ‘ಎದುರುದಾರರು’ ಎಂದಿದೆ. ಪ್ರಾರ್ಥನೆಯಲ್ಲಿ ಹಳೆಯ ದಾವೆಯ ಕರಡಿನಿಂದ ‘ವಾದಿ’, ‘ಪ್ರತಿವಾದಿ’ ನುಸುಳಿದ್ದವು. ‘ವಾದಿ’ಯನ್ನು ಒಮ್ಮೆಗೇ ಬದಲಿಸಿದ್ದರಿಂದ ‘ಪ್ರತಿಅರ್ಜಿದಾರ’ ಹುಟ್ಟಿಕೊಂಡಿತು! ಮೊದಲು ‘ಪ್ರತಿವಾದಿ’ಯನ್ನು ಬದಲಿಸಬೇಕಿತ್ತು.

ನನ್ನನ್ನು ಬೆಚ್ಚಿಬೀಳಿಸಿದ ಸಾಲು ಇದು: ‘ಎದುರುದಾರರು ಅವರ ದಾಖಲೆಗಳನ್ನು ಹಿಂದಿರುಗಿಸಲು ಆದೇಶಿಸಬೇಕೆಂದು ಪ್ರಾರ್ಥಿಸುತ್ತೇನೆ.’ ಯಾರ ದಾಖಲೆ? ಇಬ್ಬರಲ್ಲಿ ಯಾವ ಎದುರುದಾರರು? ಆದೇಶಿಸುವವರೂ ಅವರೇ ಎಂಬಂತಿದೆ. ಈಗ ಹೀಗೆ ಬರೆದಿದ್ದೇನೆ: ‘ಅರ್ಜಿದಾರರ ಮೂಲ ದಾಖಲೆಗಳನ್ನು ಅರ್ಜಿದಾರರಿಗೆ ಹಿಂದಿರುಗಿಸುವಂತೆ 2ನೇ ಎದುರುದಾರರಿಗೆ ಈ ಮಾನ್ಯ ನ್ಯಾಯಾಲಯವು ಆದೇಶಿಸಬೇಕೆಂದು ಅರ್ಜಿದಾರರು ಪ್ರಾರ್ಥಿಸುತ್ತಾರೆ.’ ‘ಅರ್ಜಿದಾರರ’ ಎಂಬುದು ಮತ್ತೆ ಮತ್ತೆ ಬಂದರೂ ಇರಲಿ, ‘ಅವರ’ ಬೇಡ.