ಪರೋಟ, ಚಪಾತಿ, ರೊಟ್ಟಿ: ಒಂದಕ್ಕೆ ಎಷ್ಟು ಕ್ಯಾಲೊರಿ, ಪದರಿನ ಎಣ್ಣೆಗೆ ಎಷ್ಟು?

ಕೇಳಿದ್ದು: ರಾತ್ರಿ ಊಟಕ್ಕೆ ಚಪಾತಿ, ಆಗಾಗ ಜೋಳದ ರೊಟ್ಟಿ, ವಾರಕ್ಕೊಮ್ಮೆ ಪರೋಟ. ಒಂದೊಂದಕ್ಕೆ ಎಷ್ಟು ಕ್ಯಾಲೊರಿ ಅಂತ ಹುಡುಕಿದ್ರೆ ಒಂದೊಂದು ಕಡೆ ಒಂದೊಂದು ಲೆಕ್ಕ. ಪದರಿಗೆ ಹಾಕೋ ಎಣ್ಣೆನ ಹೇಗೆ ಲೆಕ್ಕ ಹಿಡಿಯೋದು?

ಲಟ್ಟಣಿಗೆ: ಲೆಕ್ಕ ತಪ್ಪೋದೇ "ಒಂದು" ಅನ್ನೋದ್ರಲ್ಲಿ. ಒಣ ಹಿಟ್ಟಿನ ತೂಕ ಹಿಡೀರಿ. ಗೋಧಿ, ಜೋಳ, ಮೈದಾ ಮೂರೂ ಗ್ರಾಂಗೆ ಸುಮಾರು ಮೂರೂವರೆ ಕ್ಯಾಲೊರಿ. ಎಣ್ಣೆ ಗ್ರಾಂಗೆ 9, ಅಂದ್ರೆ ಒಂದು ಟೀ ಚಮಚಕ್ಕೆ 40 ಹತ್ರ.

ಗೋಧಿ ಹಿಟ್ಟು 100 ಗ್ರಾಂಗೆ ನೀರು 60 ಗ್ರಾಂ ಹಿಡಿದ್ರೆ, 48 ಗ್ರಾಂ ಉಂಡೆಯಲ್ಲಿ ಹಿಟ್ಟು 30 ಗ್ರಾಂ. ಹಾಗಾಗಿ ಎಣ್ಣೆ ಹಾಕದ ಚಪಾತಿಗೆ 105 ಕ್ಯಾಲೊರಿ. ಕೈಯಲ್ಲಿ ತಟ್ಟಿದ ಮೆತ್ತನೆ ಜೋಳದ ರೊಟ್ಟಿ ದೊಡ್ಡದು, 60 ಗ್ರಾಂ ಹಿಟ್ಟು ಹಿಡಿಯುತ್ತೆ, 210. ಬೆಂದ ಮೇಲೆ ತೂಗಬೇಡಿ, ನೀರು ಆರಿ ಹೋಗಿರುತ್ತೆ. ಖಡಕ್ ರೊಟ್ಟಿ 100 ಗ್ರಾಂಗೆ ಮೆತ್ತನೆ ರೊಟ್ಟಿಗಿಂತ ಜಾಸ್ತಿ ಕ್ಯಾಲೊರಿ ತೋರಿಸೋದು ಅದಕ್ಕೇ.

ಹೊಸಬ: ಪರೋಟ ಜಾಸ್ತಿ ಆಗೋದು ಮೈದಾದಿಂದ ಅಲ್ವಾ? ಗೋಧಿ ಹಿಟ್ಟಲ್ಲಿ ಮಾಡಿದ್ರೆ ಅರ್ಧಕ್ಕೆ ಇಳಿಯುತ್ತೆ.

ಲಟ್ಟಣಿಗೆ: ಮೈದಾದಲ್ಲಿ ನಾರು ಕಮ್ಮಿ, ಅದು ನಿಜ. ಕ್ಯಾಲೊರಿ ಮಾತ್ರ ಹೆಚ್ಚು ಕಮ್ಮಿ ಅಷ್ಟೇ. ಪರೋಟಕ್ಕೂ ಹಿಟ್ಟು 60 ಗ್ರಾಂ ಆಸುಪಾಸು ಹಿಡಿಯುತ್ತೆ, ಜೋಳದ ರೊಟ್ಟಿಯಷ್ಟೇ. ಅವೆರಡರ ನಡುವಿನ ವ್ಯತ್ಯಾಸ ಪೂರ್ತಿ ಎಣ್ಣೆದು.

ಹಂಚಿನ ಮುಂದೆ: ಆ ಎಣ್ಣೆನ ಚಮಚದಲ್ಲಿ ಅಳೆಯಕ್ಕಾಗಲ್ಲ, ಬಾಟಲಿ ತೂಗಿ. ಅರ್ಧ ಕೆ.ಜಿ. ಮೈದಾ, ಎಂಟು ಪರೋಟ ಅಂತಿಟ್ಕೊಳ್ಳಿ. ನಾದೋದಕ್ಕೆ, ಉಂಡೆ ನೆನೆಸೋದಕ್ಕೆ, ಹಾಳೆ ಎಳೆಯೋದಕ್ಕೆ, ಹಂಚಿಗೆ ಎಲ್ಲಾ ಸೇರಿ ಬಾಟಲಿಯಿಂದ 135 ಗ್ರಾಂ ಇಳೀತು. ತಟ್ಟೆ, ಕಲ್ಲು, ಹಂಚಿನ ಮೇಲೆ ಉಳಿದದ್ದನ್ನ ಬಳಿದು ತೂಗಿದ್ರೆ 35. ಒಳಗೆ ಹೋಗಿದ್ದು 100 ಗ್ರಾಂ, ಅಂದ್ರೆ ಒಂದಕ್ಕೆ ಹನ್ನೆರಡೂವರೆ ಗ್ರಾಂ. ಎಣ್ಣೆಯಿಂದ 112, ಹಿಟ್ಟಿಂದ 220ರ ಹತ್ರ, ಒಟ್ಟು 330. ಮೂರರಲ್ಲೊಂದು ಪಾಲು ಎಣ್ಣೆನೇ.

ಕಮ್ಮಿ ಮಾಡೋರು ಪದರಿನ ಎಣ್ಣೆಗೆ ಕೈ ಹಾಕ್ತಾರೆ, ಅಲ್ಲೇ ಕೆಡೋದು. ಹಾಳೆ ಆಚೆ ಕಾಣೋಷ್ಟು ತೆಳ್ಳಗೆ ಎಳೆದಾಗ ಅದರ ಮೈಯೆಲ್ಲಾ ಎಣ್ಣೆ ಸವರಿರಬೇಕು. ಒಣಗಿದ ಜಾಗ ಸುತ್ತಿದಾಗ ಅಂಟ್ಕೊಳ್ಳುತ್ತೆ, ಆವಿ ಪದರು ಬಿಡಿಸಲ್ಲ. ಮೇಲೆ ಕೆಂಪಗಾಗಿ ನಡುವೆ ಹಸಿ ಹಿಟ್ಟಿನ ಗಂಟು ಸಿಗುತ್ತೆ. ಕಡಿಮೆ ಮಾಡಬೇಕಾದ್ದು ನೆನೆಸೋ ತಟ್ಟೆಯಲ್ಲಿ ಮತ್ತು ಹಂಚಿನ ಮೇಲೆ. ಉಂಡೆ ಮುಳುಗಿಸಬೇಡಿ, ಸವರಿ ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಕಣಕ ಸರಿಯಾಗಿ ನೆನೆಯದಿದ್ರೆ ಎಳೆದಷ್ಟೂ ಹಿಂದಕ್ಕೆ ಮುದುಡುತ್ತೆ, ಹರಿಯುತ್ತೆ. ಆಗ ಕೈ ತಾನಾಗೇ ಎಣ್ಣೆ ಕಡೆ ಹೋಗುತ್ತೆ.

ಮಲೆನಾಡಿನವರು: ರೊಟ್ಟಿಗೆ ಎಣ್ಣೆ ಇಲ್ಲ ಅಂತ ಹೇಗೆ ಹೇಳ್ತೀರಿ? ನಮ್ಮನೇಲಿ ತಟ್ಟಿ, ತೂತು ಮಾಡಿ, ಒಂದೊಂದು ತೂತಿಗೂ ಎಣ್ಣೆ ಬಿಡ್ತೀವಿ.

ಲಟ್ಟಣಿಗೆ: ನೀವು ಹೇಳ್ತಿರೋದು ಅಕ್ಕಿ ರೊಟ್ಟಿ, ಅದರ ದಾರಿಯೇ ಬೇರೆ. ಎರಡು ಚಮಚ ಬಿಟ್ರೆ ಹಿಟ್ಟಿನ ಮೇಲೆ 80 ಸೇರಿಸಿ, ತೆಂಗಿನ ತುರಿ ಬಿದ್ರೆ ಅದು ಬೇರೆ.

ಕೇಳಿದವರು: ನಾನು ಚಪಾತಿನ ನಾಲ್ಕು ಮಡಿಕೆ ಹಾಕಿ ತ್ರಿಕೋನ ಲಟ್ಟಿಸ್ತೀನಿ. ಎರಡೇ ಮಡಿಕೆ ಮಾಡಿದ್ರೆ ಕಮ್ಮಿ ಆಗುತ್ತಾ?

ಲಟ್ಟಣಿಗೆ: ಮಡಿಕೆಗೆ ಕ್ಯಾಲೊರಿ ಇಲ್ಲ ಮಾರಾಯ್ರೆ! ಒಮ್ಮೆ ಸವರಿದ್ದನ್ನ ನಾಲ್ಕು ಮಡಚಿ, ಎಂಟು ಮಡಚಿ, ಎಣ್ಣೆ ಅಷ್ಟೇ. ಒಳಗೆ ಅರ್ಧ ಚಮಚ ಸಾಕು, 20 ಕ್ಯಾಲೊರಿ. ಬೇಯಿಸುವಾಗ ಎರಡೂ ಬದಿಗೆ ಅರ್ಧರ್ಧ ಚಮಚ ಹಾಕಿದ್ರೆ ಇನ್ನೂ 40. ಅಲ್ಲಿಗೆ 105 ಇದ್ದ ಚಪಾತಿ 165. ಒಳಗಿನದು ಇರಲಿ, ಮೃದುತ್ವ ಅದರಲ್ಲಿದೆ. ಹೊರಗಿನದು ಬಿಟ್ರೆ 125ಕ್ಕೆ ನಿಲ್ಲುತ್ತೆ. ತುಪ್ಪ ಅಂದ್ರೂ ಲೆಕ್ಕ ಸುಮಾರು ಇಷ್ಟೇ.

ಹೊಸಬ: ಪರೋಟನ ಟಿಶ್ಯೂನಲ್ಲಿ ಒತ್ತಿ ತೆಗೆದ್ರೆ?

ಹಂಚಿನ ಮುಂದೆ: ಮೇಲಿನದು ಬರುತ್ತೆ, ಪದರಿನೊಳಗಿನದು ಬರಲ್ಲ. ಒತ್ತೋ ಮೊದಲು, ಒತ್ತಿದ ಮೇಲೆ ಕಾಗದ ತೂಗಿ, ಹೆಚ್ಚಿದ ಗ್ರಾಂನ 9ರಿಂದ ಗುಣಿಸಿ ಕಳೀರಿ.

ಲಟ್ಟಣಿಗೆ: ಬಿಸಿ ಪರೋಟದ ಆವಿನೂ ಕಾಗದಕ್ಕೆ ಹಿಡಿಯುತ್ತಲ್ಲ, ಆ ನೀರನ್ನೂ ಎಣ್ಣೆ ಅಂತ ಕಳೆದ್ರೆ ಲೆಕ್ಕ ಸುಳ್ಳಾಗುತ್ತೆ.

ಹಂಚಿನ ಮುಂದೆ: ಕಾಗದ ಒಂದು ತಾಸು ಆರಲಿ, ಆಮೇಲೆ ತೂಗಿ. ಆದ್ರೆ ಒಂದೆರಡು ಗ್ರಾಂ ತಿಳಿಯೋಕೆ ಅಡುಗೆಮನೆ ತಕ್ಕಡಿ ಎಷ್ಟು ನಂಬೋದು ಅಂತ ನನಗೂ ಅನುಮಾನನೇ.